ತಕ್ಕಡಿ ಮೊದಲು ಹೇಳುತ್ತದೆ

ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟದ ಕಡೆಯ ಒಬ್ಬ ತೆಂಗು ಬೆಳೆಗಾರರನ್ನು ಕಲ್ಪಿಸಿಕೊಳ್ಳಿ. ವಯಸ್ಸು ಅರವತ್ತೈದು ದಾಟಿದೆ. ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು ಮನೆಗೆ ಬಂದಿದ್ದಾರೆ. ಡಾಕ್ಟರು ಕೊಟ್ಟ ಚೀಟಿಯಲ್ಲಿ ‘ಹಾರ್ಟ್ ಫೇಲ್ಯೂರ್’ ಎಂದಿದೆ. ಮನೆಯವರು ಅದನ್ನು ಓದಿ ಹೆದರಿದ್ದಾರೆ. ಹೃದಯ ನಿಂತುಹೋಗಿದೆ ಎಂದಲ್ಲ ಅದರ ಅರ್ಥ. ನಮ್ಮ ಜನ ‘ಪಂಪಿಂಗ್ ಕಮ್ಮಿ ಆಗಿದೆ’ ಅನ್ನುತ್ತಾರಲ್ಲ, ಬಹಳಷ್ಟು ರೋಗಿಗಳ ಮಟ್ಟಿಗೆ ಅದೇ ಸರಿಯಾದ ಮಾತು.

ಹೃದಯದ ದೂಡುವ ಶಕ್ತಿ ತಗ್ಗಿದಾಗ ಮೂತ್ರಪಿಂಡಗಳಿಗೆ ಸಾಕಷ್ಟು ರಕ್ತ ಹೋಗುವುದಿಲ್ಲ. ಮೈಯಲ್ಲಿ ನೀರು ಬತ್ತಿದೆ ಎಂದೇ ಅವು ತಿಳಿಯುತ್ತವೆ. ಹೊರಗೆ ಹಾಕಬೇಕಾದ ಉಪ್ಪನ್ನೂ ನೀರನ್ನೂ ಒಳಗೇ ಹಿಡಿದಿಡುತ್ತವೆ. ಆ ನೀರಿನ ಭಾರವನ್ನೂ ದಣಿದ ಹೃದಯವೇ ಹೊರಬೇಕು. ಹಾಗೆ ಸೇರಿದ ನೀರು ಕಾಲಿಗೆ ಇಳಿಯುತ್ತದೆ, ಹೊಟ್ಟೆಯಲ್ಲಿ ತುಂಬುತ್ತದೆ, ಶ್ವಾಸಕೋಶದಲ್ಲಿ ನಿಂತು ಉಸಿರು ಕಟ್ಟಿಸುತ್ತದೆ. ಆದರೆ ಕಣಕಾಲನ್ನು ಬೆರಳಲ್ಲಿ ಒತ್ತಿ ಗುಳಿ ಕಾಣುವ ಹೊತ್ತಿಗೆ ಎಷ್ಟೋ ಸಲ ಎರಡು ಮೂರು ಲೀಟರ್ ನೀರು ಒಳಗೆ ಸೇರಿ ಆಗಿರುತ್ತದೆ. ಒಂದು ಲೀಟರ್ ನೀರೆಂದರೆ ಒಂದು ಕೆಜಿ. ಅಟ್ಟದಲ್ಲಿಟ್ಟ ಕಾಯಿಯ ನೀರು ಎಷ್ಟು ಹಿಂಗಿದೆ ಅನ್ನುವುದು ಹೊರಗಿನಿಂದ ನೋಡಿದರೆ ಕಾಣದು, ಕೈಗೆತ್ತಿಕೊಂಡರೆ ತಿಳಿಯುತ್ತದೆ. ಮೈಯ ನೀರಿನ ಲೆಕ್ಕವೂ ಅಷ್ಟೇ, ಕಣ್ಣಿಗಿಂತ ಮೊದಲು ತಕ್ಕಡಿಗೆ ಗೊತ್ತಾಗುತ್ತದೆ.

ತೂಕ ನೋಡುವುದಕ್ಕೆ ಒಂದು ಕ್ರಮವಿದೆ. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದ ಮೇಲೆ, ಕಾಫಿಗೂ ಮೊದಲು, ಪ್ರತಿದಿನ ಒಂದೇ ಬಗೆಯ ಬಟ್ಟೆಯಲ್ಲಿ, ಒಂದೇ ತಕ್ಕಡಿಯ ಮೇಲೆ ನಿಲ್ಲಬೇಕು. ತಕ್ಕಡಿ ಗಾರೆಯ ಅಥವಾ ಕಲ್ಲಿನ ಸಮತಟ್ಟು ನೆಲದ ಮೇಲಿರಲಿ. ಚಾಪೆಯ ಮೇಲೋ ಮಣ್ಣುನೆಲದ ಮೇಲೋ ಇಟ್ಟರೆ ಅಂಕಿ ಹೊಯ್ದಾಡುತ್ತದೆ. ನೂರು ಗ್ರಾಂ ವ್ಯತ್ಯಾಸ ತೋರಿಸುವ ಡಿಜಿಟಲ್ ತಕ್ಕಡಿಯಾದರೆ ಒಳ್ಳೆಯದು. ತೂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಮನೆಯೊಳಗೇ ಬರೆಯಿರಿ. ಬಾವು ಇಳಿದು ಉಸಿರು ಸಲೀಸಾಗಿದ್ದ ದಿನದ ತೂಕ ಎಷ್ಟೆಂದು ಡಾಕ್ಟರನ್ನು ಕೇಳಿ ಮೇಲ್ಗಡೆ ದೊಡ್ಡದಾಗಿ ಬರೆದಿಡಿ. ಅದು ನಿಮ್ಮ ಒಣ ತೂಕ.

ನಮ್ಮ ಬೆಳೆಗಾರರ ಒಣ ತೂಕ 58 ಕೆಜಿ ಎಂದುಕೊಳ್ಳೋಣ. ಭಾನುವಾರ ಬೆಳಿಗ್ಗೆ ಅಷ್ಟೇ ಇತ್ತು. ಮಧ್ಯಾಹ್ನ ಬೀಗರ ಊಟ, ಎಲೆಯಲ್ಲಿ ಉಪ್ಪಿನಕಾಯಿ, ಹಪ್ಪಳ, ಖಾರವಾದ ಸಾರು. ಸೋಮವಾರ 58.6. ಮಂಗಳವಾರ 59.3. ಬುಧವಾರ 60.1. ಕಾಲು ಊದಿಲ್ಲ, ಊಟ ಸೇರುತ್ತಿದೆ. ಆದರೆ ಒಂದು ದಿಂಬಿಗೆ ಮಲಗುತ್ತಿದ್ದವರು ಎರಡು ದಿಂಬು ಕೇಳಿದ್ದಾರೆ. ಮೂರು ದಿನಕ್ಕೆ ಎರಡು ಕೆಜಿ ಏರಿದರೆ, ಅಥವಾ ಒಂದೇ ದಿನಕ್ಕೆ ಒಂದು ಕೆಜಿ ಏರಿದರೆ, ಅವತ್ತೇ ಡಾಕ್ಟರಿಗೆ ಫೋನ್ ಮಾಡಬೇಕು. ಮೂರು ದಿನದಲ್ಲಿ ಇಷ್ಟು ಮಾಂಸ ಬೆಳೆಯುವುದಿಲ್ಲ, ಬಂದಿರುವುದು ನೀರೇ. ಫೋನಿನಲ್ಲಿ ಡಾಕ್ಟರು ಕೇಳಿದಾಗ ಇನ್ನೊಂದು ಸಂಗತಿ ಹೊರಬಿತ್ತು: ಮಂಡಿನೋವಿಗೆಂದು ಮೆಡಿಕಲ್ ಅಂಗಡಿಯಿಂದ ಡೈಕ್ಲೊಫೆನಾಕ್ ಮಾತ್ರೆ ತಂದು ನುಂಗುತ್ತಿದ್ದರು. ಈ ಜಾತಿಯ ನೋವಿನ ಮಾತ್ರೆಗಳು ಮೂತ್ರಪಿಂಡ ಉಪ್ಪು ನೀರು ಬಿಡದಂತೆ ಮಾಡುತ್ತವೆ. ನನ್ನನ್ನು ಕೇಳಿದರೆ, ಹಬ್ಬದೂಟಕ್ಕಿಂತ ಈ ಮಾತ್ರೆಗೇ ಹೆಚ್ಚು ಹೆದರಬೇಕು. ಡಾಕ್ಟರು ಅದನ್ನು ನಿಲ್ಲಿಸಿ, ನೀರಿಳಿಸುವ ಮಾತ್ರೆಯನ್ನು ಕೆಲವು ದಿನ ಹೆಚ್ಚಿಸಿದರು. ತೂಕ ಮತ್ತೆ 58ರ ಹತ್ತಿರಕ್ಕೆ ಬಂತು. ಡಾಕ್ಟರು ಮೊದಲೇ ಬರೆದುಕೊಟ್ಟಿರದಿದ್ದರೆ ಆ ಮಾತ್ರೆಯನ್ನು ನೀವಾಗಿಯೇ ಹೆಚ್ಚು ಕಡಿಮೆ ಮಾಡಬೇಡಿ.

ತಕ್ಕಡಿ ಒಮ್ಮೊಮ್ಮೆ ಮೋಸ ಮಾಡುವುದೂ ಉಂಟು. ಊಟ ಸೇರದೆ ಮೈ ಸೊರಗುತ್ತಿರುವಾಗಲೇ ನೀರು ಸೇರುತ್ತಿದ್ದರೆ ಅಂಕಿ ಇದ್ದಲ್ಲೇ ಇರುತ್ತದೆ. ಆದ್ದರಿಂದ ಕಣಕಾಲು ಒತ್ತಿ ನೋಡುವುದನ್ನೂ, ಪಂಚೆ ಅಥವಾ ಸೀರೆ ಸೊಂಟದಲ್ಲಿ ಬಿಗಿಯಾಯಿತೇ ಎಂದು ಗಮನಿಸುವುದನ್ನೂ ಬಿಡಬಾರದು. ತೂಕ ದಿನದಿನಕ್ಕೆ ಇಳಿಯುತ್ತಾ, ಎದ್ದು ನಿಂತಾಗ ತಲೆ ಸುತ್ತಿದರೆ ಅದನ್ನೂ ಹೇಳಬೇಕು, ನೀರು ಅತಿಯಾಗಿ ಹೋಗಿರಬಹುದು. ವಾಂತಿಭೇದಿ ಆದ ದಿನವಂತೂ ಮಾತ್ರೆ ನುಂಗುವ ಮೊದಲೇ ಕೇಳಿ.

ಇನ್ನು ಉಪ್ಪು. ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಸುಮಾರು ಒಂದು ಚಹಾ ಚಮಚ, ಎಲ್ಲಾ ಅಡುಗೆ ಸೇರಿ. ಇದನ್ನು ದಿನಾ ಅಳೆಯುವವರು ಯಾರು? ಸುಲಭದ ದಾರಿ ಒಂದಿದೆ. ಒಂದು ಕೆಜಿ ಉಪ್ಪಿನ ಪ್ಯಾಕೆಟ್ ಒಡೆದ ದಿನವನ್ನು ಅದರ ಮೇಲೆ ಬರೆಯಿರಿ. ಮನೆಯಲ್ಲಿ ನಾಲ್ಕು ಜನ ಉಣ್ಣುವವರಿದ್ದರೆ ಅದು 50 ದಿನ ಬರಬೇಕು. ತಿಂಗಳಿಗೇ ಮುಗಿದರೆ ತಲೆಗೆ ದಿನಕ್ಕೆ 8 ಗ್ರಾಂ ದಾಟಿತು. ಅಂಗಡಿಯ ಖಾರಾ, ಬಿಸ್ಕತ್ತು ಈ ಲೆಕ್ಕದ ಹೊರಗೆ. ಮುದ್ದೆಯಲ್ಲಿ ಉಪ್ಪು ಅಷ್ಟಿಲ್ಲ, ಅದರ ಜೊತೆಗಿನ ಉಪ್ಪೆಸರಿನಲ್ಲಿದೆ. ಉಪ್ಪು ಹಾಕುವ ಮೊದಲೇ ರೋಗಿಯ ಪಾಲನ್ನು ಬೇರೆ ತೆಗೆದಿಡಬಹುದು, ನಿಂಬೆಹುಳಿ, ಮೆಣಸು, ಕೊತ್ತಂಬರಿ ರುಚಿ ಕೊಡುತ್ತವೆ. ಸೈಂಧವ ಲವಣವೂ ಉಪ್ಪೇ. ಸೋಡಿಯಂ ಕಡಿಮೆ ಎಂದು ಮಾರುವ ಉಪ್ಪಿನಲ್ಲಿ ಅದರ ಬದಲು ಪೊಟ್ಯಾಸಿಯಂ ಇರುತ್ತದೆ, ಡಾಕ್ಟರನ್ನು ಕೇಳದೆ ಬಳಸಬೇಡಿ.

ಈ ಪೊಟ್ಯಾಸಿಯಂ ಮಾತು ತೆಂಗಿನ ಸೀಮೆಯವರಿಗೆ ಮುಖ್ಯ, ಏಕೆಂದರೆ ಎಳನೀರಿನಲ್ಲಿ ಅದು ಧಾರಾಳವಾಗಿದೆ. ಹೃದಯ ವೈಫಲ್ಯಕ್ಕೆ ಕೊಡುವ ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್, ಎನಲಾಪ್ರಿಲ್ ಮೊದಲಾದ ಮಾತ್ರೆಗಳು ಪೊಟ್ಯಾಸಿಯಂ ಹೊರಹೋಗದಂತೆ ತಡೆಯುತ್ತವೆ. ಅದು ರಕ್ತದಲ್ಲಿ ಮಿತಿಮೀರಿದರೆ ಹೃದಯದ ಬಡಿತವೇ ತಪ್ಪಬಹುದು, ಮುನ್ಸೂಚನೆ ಹೆಚ್ಚಾಗಿ ಇರುವುದಿಲ್ಲ, ರಕ್ತಪರೀಕ್ಷೆಯಲ್ಲೇ ತಿಳಿಯಬೇಕು. ತೋಟದಲ್ಲಿ ಕಿತ್ತದ್ದು, ತಂಪು ಎಂದು ದಿನಾ ಎರಡು ಮೂರು ಕುಡಿಯುವ ರೂಢಿಯಿದ್ದರೆ ಅದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಅವರಾಗಿ ಕೇಳದೆ ಹೋಗಬಹುದು.

ನೀರಿನ ಮಿತಿ ಎಲ್ಲರಿಗೂ ಇಲ್ಲ. ಹಲವರಿಗೆ ದಿನಕ್ಕೆ ಒಂದೂವರೆ ಲೀಟರ್ ಎಂದು ಹೇಳುವ ಪದ್ಧತಿಯಿತ್ತು. 2025ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಒಂದು ಅಧ್ಯಯನದಲ್ಲಿ, ಸ್ಥಿತಿ ಹದವಾಗಿರುವ ರೋಗಿಗಳಿಗೆ ಈ ಕಟ್ಟುಪಾಡಿನಿಂದ ವಿಶೇಷ ಲಾಭ ಕಾಣಲಿಲ್ಲ, ಬಾಯಾರಿಕೆ ಮಾತ್ರ ಹೆಚ್ಚಿತು. ಆದರೆ ಬಾವು ತುಂಬಿರುವವರಿಗೆ, ರಕ್ತದಲ್ಲಿ ಸೋಡಿಯಂ ಇಳಿದವರಿಗೆ ಡಾಕ್ಟರು ಮಿತಿ ಹಾಕುತ್ತಾರೆ. ಹಾಕಿದ್ದರೆ, ಆ ಅಳತೆಯ ಬಾಟಲಿಯಲ್ಲಿ ಬೆಳಿಗ್ಗೆ ನೀರು ತುಂಬಿಡಿ. ನೀರು ಬೇಕಾದಾಗ ಅದರಿಂದಲೇ ಕುಡಿಯಿರಿ. ಕಾಫಿ, ಮಜ್ಜಿಗೆ, ಅಂಬಲಿ, ಎಳನೀರು ಕುಡಿದರೆ ಅಷ್ಟನ್ನು ಬಾಟಲಿಯಿಂದ ಗಿಡಕ್ಕೆ ಚೆಲ್ಲಿ. ಬಾಟಲಿ ಬರಿದಾದರೆ ಆ ದಿನದ್ದು ಮುಗಿಯಿತು. ಬಾಯಿ ಒಣಗಿದರೆ ಮುಕ್ಕಳಿಸಿ ಉಗುಳಿ, ಏಲಕ್ಕಿ ಬಾಯಿಗೆ ಹಾಕಿಕೊಳ್ಳಿ. ಬೇಸಿಗೆಯಲ್ಲಿ ತೋಟದಲ್ಲಿ ಬೆವರು ಸುರಿಸುವವರಿಗೆ ಇದೇ ಲೆಕ್ಕ ನಡೆಯದು, ಕೇಳಿ ಬದಲಿಸಿಕೊಳ್ಳಬೇಕು.

ಮೇಲೆ ಹೇಳಿದಷ್ಟು ತೂಕ ಏರಿದರೆ ಅವತ್ತೇ ಫೋನ್ ಮಾಡಬೇಕು. ಅದಲ್ಲದೆ, ದಿಂಬು ಹೆಚ್ಚುವುದು, ನಡುರಾತ್ರಿ ಉಸಿರುಕಟ್ಟಿ ಎದ್ದು ಕೂರುವುದು, ಮಲಗಿದಾಗ ಕೆಮ್ಮು, ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು, ನಿನ್ನೆ ನಡೆದಷ್ಟು ದೂರ ಇವತ್ತು ನಡೆಯಲಾಗದಿರುವುದು, ಇವನ್ನೆಲ್ಲ ಒಂದೆರಡು ದಿನದೊಳಗೆ ತಿಳಿಸಬೇಕು. ನಡುರಾತ್ರಿ ಎದ್ದು ಕೂತದ್ದನ್ನು ಮಾತ್ರ ಬೆಳಗಾದ ಕೂಡಲೇ ಹೇಳಿ. ಸುಮ್ಮನೆ ಕೂತಾಗಲೂ ಏದುಸಿರು, ನಸುಗೆಂಪು ನೊರೆಯ ಕಫ, ಎದೆನೋವು, ಪ್ರಜ್ಞೆ ತಪ್ಪುವುದು ಕಂಡರೆ ಕಾಯುವಂತಿಲ್ಲ, 108ಕ್ಕೆ ಕರೆ ಮಾಡಿ. ಎಚ್ಚರವಿದ್ದು ಏದುಸಿರು ಬಿಡುತ್ತಿರುವವರನ್ನು ಮಲಗಿಸಬೇಡಿ. ಕಾಲು ಇಳಿಬಿಟ್ಟು ಬೆನ್ನಿಗೆ ಒರಗು ಕೊಟ್ಟು ಕೂರಿಸಿ. ಸಮಾಧಾನಕ್ಕೆಂದು ನೀರು ಕುಡಿಸಬೇಡಿ. ಹೊರಡುವಾಗ ಮಾತ್ರೆಯ ಚೀಲವನ್ನೂ ತೂಕ ಬರೆದ ಕ್ಯಾಲೆಂಡರನ್ನೂ ಜೊತೆಗೆ ತೆಗೆದುಕೊಳ್ಳಿ.