ಹಪ್ಪಳ 60 ಕಟ್ಟು, ಕೇಳಿದವರು ಸಾವಿರ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ಸಂಘಟಕರು "ನಿಮ್ಮ ಕೆಲಸಕ್ಕೆ ಸಂಬಂಧಿಸಿದ, ಊರಿನವರಿಗೆ ಉಪಯೋಗವಾಗುವ ಏನಾದರೂ ಹೇಳಿ" ಎಂದರು. ಈಗ ನಮ್ಮಲ್ಲಿ ಅನೇಕರು ಜೇನು, ಉಪ್ಪಿನಕಾಯಿ, ಜೋನಿಬೆಲ್ಲದ ಚಿತ್ರ ಹಾಕಿ ಫೋನಿನಲ್ಲೇ ಮಾರುತ್ತಾರೆ. ದಿನಕ್ಕೆ ಎರಡು ಮೂರು ಆರ್ಡರ್ ಬರುವಾಗ ಏನೂ ತೊಂದರೆಯಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ ಆ ಪೋಸ್ಟ್ ವೈರಲ್ ಆಗಿ, ಸಾವಿರ ಜನ ಒಟ್ಟಿಗೆ ಕೇಳಿದರೆ ಏನು ಮಾಡಬೇಕು? ನಮ್ಮ ಚಿಕ್ಕಮ್ಮನ ಹಲಸಿನ ಹಪ್ಪಳಕ್ಕೆ ಹಾಗೆ ಆಯಿತು. ಅದನ್ನೇ ಲೆಕ್ಕ ಸಮೇತ ಹೇಳುತ್ತೇನೆ.

ಮೇ ತಿಂಗಳ ಮೂರನೆಯ ವಾರ. ಚಿಕ್ಕಮ್ಮ ಮತ್ತು ಪಕ್ಕದ ಮನೆಯ ಇಬ್ಬರು ಹೆಂಗಸರು ಹಪ್ಪಳ ಒತ್ತುತ್ತಿದ್ದರು. ಚಿಕ್ಕಮ್ಮನ ಮಗಳು 40 ಸೆಕೆಂಡಿನ ವಿಡಿಯೊ ಮಾಡಿ ಫೇಸ್‌ಬುಕ್‌ನಲ್ಲಿ ಹಾಕಿದಳು. 100 ಹಪ್ಪಳದ ಕಟ್ಟಿಗೆ 250 ರೂಪಾಯಿ, ಬೇಕಾದವರು ಈ ನಂಬರಿಗೆ ಹಣ ಹಾಕಿ ವಿಳಾಸ ಕಳಿಸಿ ಎಂದು ಬರೆದಿದ್ದಳು. ಶನಿವಾರ ಸಂಜೆ ಹಾಕಿದ್ದು, ಭಾನುವಾರ ಬೆಳಗ್ಗೆಯ ಹೊತ್ತಿಗೆ ವಾಟ್ಸಾಪಿನಲ್ಲಿ 600ಕ್ಕೂ ಹೆಚ್ಚು ಜನರ ಸಂದೇಶ, ಪೋಸ್ಟಿನ ಕೆಳಗೆ ಸಾವಿರಕ್ಕೂ ಹೆಚ್ಚು ಕಾಮೆಂಟ್. ಫೋನು ಬಿಸಿಯಾಗಿ ಆಗಾಗ ನಿಂತುಹೋಗುತ್ತಿತ್ತು. ತಂಗಿ ನನಗೆ ಫೋನ್ ಮಾಡಿ, "ಅಣ್ಣಾ, ಯಾರಿಗೆ ಮೊದಲು ಉತ್ತರ ಕೊಡಲಿ?" ಎಂದು ಕೇಳಿದಳು.

ಯಾರಿಗೂ ಉತ್ತರ ಕೊಡುವ ಮೊದಲು ಮಾಡಬೇಕಾದದ್ದು ಎಣಿಕೆ. ಕೆರೆಗೆ ಎಷ್ಟು ನೀರು ಬರುತ್ತದೆ ಎನ್ನುವುದು ನಮ್ಮ ಕೈಯಲ್ಲಿಲ್ಲ, ತೂಬಿನಿಂದ ಎಷ್ಟು ಬಿಡಬಹುದು ಎನ್ನುವುದು ಮಾತ್ರ ನಮ್ಮ ಕೈಯಲ್ಲಿದೆ. ಆದ್ದರಿಂದ ನಾನು ಕೇಳಿದ್ದು ಡಬ್ಬಿಯಲ್ಲಿ ಎಷ್ಟು ಕಟ್ಟು ಇದೆ, ಇನ್ನು ಎಷ್ಟು ಮಾಡಬಹುದು ಎಂದು. ಒಣಗಿಸಿ ಇಟ್ಟದ್ದು 46 ಕಟ್ಟು. ಅದರಲ್ಲಿ 10 ಕಟ್ಟು ಒಂದು ಮದುವೆ ಮನೆಗೆ ಮೊದಲೇ ಮಾತಾಗಿತ್ತು. ಉಳಿದದ್ದು 36. ಮೂವರೂ ಕೂತರೆ ದಿನಕ್ಕೆ 4 ಕಟ್ಟು ಆಗುತ್ತದೆ. ಆದರೆ ಹಲಸಿನ ಹಪ್ಪಳಕ್ಕೆ ಎರಡು ಮೂರು ದಿನದ ಒಳ್ಳೆಯ ಬಿಸಿಲು ಬೇಕು, ಜೂನ್ ಮೊದಲ ವಾರಕ್ಕೆ ನಮ್ಮಲ್ಲಿ ಮಳೆ ಹಿಡಿಯುತ್ತದೆ, ಕಾಯಿಯೂ ಹಣ್ಣಾಗಲು ಶುರುವಾಗುತ್ತದೆ. ಧೈರ್ಯವಾಗಿ ನಂಬಬಹುದಾದದ್ದು ಆರು ದಿನದ ಕೆಲಸ, ಅಂದರೆ 24 ಕಟ್ಟು. ಎರಡೂ ಕೂಡಿಸಿದರೆ 60. ಅಷ್ಟರೊಳಗೆ 71 ಜನ 118 ಕಟ್ಟಿನ ಹಣ ಹಾಕಿಬಿಟ್ಟಿದ್ದರು!

ಹಾಗಾಗಿ ಮೊದಲ ಕೆಲಸ, ಹಣ ಬರುವ ಬಾಗಿಲು ಮುಚ್ಚುವುದು. ಚಿಕ್ಕಮ್ಮನಿಗೆ ಇದು ಒಪ್ಪಿಗೆಯಾಗಲಿಲ್ಲ. "ಬರೋ ಲಕ್ಷ್ಮಿಯನ್ನು ಬೇಡ ಅನ್ನೋದು ಹೇಗೆ ಮಾರಾಯ?" ಎಂದರು. "ಚಿಕ್ಕಮ್ಮ, ಹಪ್ಪಳ ಕೊಡೋವರೆಗೆ ಅದು ನಮ್ಮ ಹಣ ಅಲ್ಲ, ಸಾಲ" ಎಂದೆ. ಅಷ್ಟಕ್ಕೆ ಅರ್ಥ ಮಾಡಿಕೊಂಡರು.

ಬಾಗಿಲು ಮುಚ್ಚಲು ಪೋಸ್ಟನ್ನೇ ಅಳಿಸಬಾರದು. ಅಳಿಸಿದರೆ ಹಣ ಹಾಕಿದವರು ಮೋಸ ಎಂದುಕೊಳ್ಳುತ್ತಾರೆ. ಅದರ ಬದಲು ಅದೇ ಪೋಸ್ಟಿನ ಬರಹವನ್ನು ತಿದ್ದಬೇಕು. ಫೇಸ್‌ಬುಕ್‌ನಲ್ಲಿ ಶೇರ್ ಮಾಡಿದವರೆಲ್ಲ ತೋರಿಸುವುದು ಮೂಲ ಪೋಸ್ಟನ್ನೇ ಆದ್ದರಿಂದ, ತಿದ್ದಿದ್ದು ಎಲ್ಲ ಕಡೆಯೂ ಕಾಣುತ್ತದೆ. ಆದರೆ ಯಾರಾದರೂ ವಿಡಿಯೊ ಇಳಿಸಿಕೊಂಡು ವಾಟ್ಸಾಪಿನಲ್ಲಿ ಹಂಚಿದ್ದರೆ ಅದನ್ನು ತಿದ್ದಲಾಗದು, ಅಲ್ಲಿಂದ ತಿಂಗಳಾದರೂ ಜನ ಬರುತ್ತಲೇ ಇರುತ್ತಾರೆ. ಅವರಿಗಾಗಿ ವಾಟ್ಸಾಪ್ ಬಿಸಿನೆಸ್ ಆ್ಯಪ್‌ಗೆ ಬದಲಾಯಿಸಿದೆವು. ಅದು ಉಚಿತ, ಹಳೆಯ ನಂಬರೇ ಸಾಕು. ಮೊದಲ ಬಾರಿ ಬರೆದವರಿಗೆ ತಾನಾಗಿ ಒಂದು ಉತ್ತರ ಹೋಗುವಂತೆ ಅದರಲ್ಲಿ ಮಾಡಬಹುದು. ಪೋಸ್ಟಿನ ಮೇಲೆಯೂ, ಈ ಉತ್ತರದಲ್ಲಿಯೂ ಒಂದೇ ಮಾತು ಹಾಕಿದೆವು:

"ಈ ವರ್ಷದ ಹಪ್ಪಳ ಮುಗಿದಿದೆ. ದಯವಿಟ್ಟು ಹಣ ಹಾಕಬೇಡಿ. ಭಾನುವಾರ ಬೆಳಗ್ಗೆ 10ರ ಒಳಗೆ ಹಣ ಹಾಕಿದವರಿಗೆ ಬುಧವಾರದೊಳಗೆ ನಾವೇ ಉತ್ತರಿಸುತ್ತೇವೆ. ಮುಂದಿನ ವರ್ಷ ಬೇಕಾದವರು ಹೆಸರು ಮತ್ತು ಊರು ಮಾತ್ರ ಕಳಿಸಿ."

ಇದರಲ್ಲಿ ಗಮನಿಸಬೇಕಾದದ್ದು 'ಬುಧವಾರದೊಳಗೆ' ಎನ್ನುವ ಮಾತು. 'ಬೇಗ ಉತ್ತರಿಸುತ್ತೇವೆ' ಎಂದರೆ ಜನ ಗಂಟೆಗೊಮ್ಮೆ ಕೇಳುತ್ತಾರೆ. ದಿನ ಹೇಳಿದರೆ ಆ ದಿನದವರೆಗೆ ಕಾಯುತ್ತಾರೆ. ಈ ಒಂದು ಸಾಲಿನಿಂದ ಅರ್ಧಕ್ಕಿಂತ ಹೆಚ್ಚು ಪ್ರಶ್ನೆಗಳು ನಿಂತವು.

ಎರಡನೆಯ ಕೆಲಸ, ಒಂದೇ ಪಟ್ಟಿ. ಚಾಟ್‌ನಲ್ಲಿ ಮೇಲೆ ಕೆಳಗೆ ಹುಡುಕುತ್ತ ಕೂತರೆ ಒಬ್ಬರಿಗೆ ಎರಡು ಸಲ ಹೋಗುತ್ತದೆ, ಇನ್ನೊಬ್ಬರಿಗೆ ಹೋಗುವುದೇ ಇಲ್ಲ. ತಂಗಿ 200 ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದಳು: ಹಣ ಬಂದ ಸಮಯ, ಹೆಸರು, ಫೋನ್, ಮೊತ್ತ, ಯುಪಿಐ ವ್ಯವಹಾರದ 12 ಅಂಕಿಯ ಸಂಖ್ಯೆ, ವಿಳಾಸ, ಕಳಿಸಿದ ದಿನ. ಈ ಪಟ್ಟಿಯನ್ನು ಬರೆಯಬೇಕಾದದ್ದು ಬ್ಯಾಂಕಿನ ಸ್ಟೇಟ್‌ಮೆಂಟ್ ನೋಡಿ, ಜನ ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ಅಲ್ಲ. ಸ್ಕ್ರೀನ್‌ಶಾಟ್ ಬಂದದ್ದು 79, ಹಣ ಬಂದದ್ದು 71. ಉಳಿದ ಎಂಟರಲ್ಲಿ ಐದು ಜನರ ಹಣ ದಾರಿಯಲ್ಲಿ ನಿಂತು ಅವರಿಗೇ ವಾಪಸಾಗಿತ್ತು. ಅವರದೇನೂ ತಪ್ಪಿಲ್ಲ. ಮೂರು ಮಾತ್ರ ಬೇರೆಯವರ ಚಿತ್ರದಲ್ಲಿ ಹೆಸರು ತಿದ್ದಿದವು. 12 ಅಂಕಿಯ ಸಂಖ್ಯೆ ಸ್ಟೇಟ್‌ಮೆಂಟಿನಲ್ಲಿ ಸಿಗದಿದ್ದಾಗ ಅದು ಗೊತ್ತಾಯಿತು.

ಇದೇ ಹೊತ್ತಿನಲ್ಲಿ ಒಬ್ಬಾತ ಫೋನ್ ಮಾಡಿ, "250ರ ಬದಲು 2,500 ಹಾಕಿಬಿಟ್ಟೆ, ಆಸ್ಪತ್ರೆಯಲ್ಲಿದ್ದೇನೆ, 2,250 ಬೇಗ ವಾಪಸ್ ಹಾಕಿ" ಎಂದ. ಬ್ಯಾಂಕಿನದೇ ಎನ್ನುವಂತೆ ಒಂದು ಎಸ್ಸೆಮ್ಮೆಸ್ಸೂ ಬಂದಿತ್ತು. ಖಾತೆಯಲ್ಲಿ ನೋಡಿದರೆ ಹಣ ಬಂದೇ ಇಲ್ಲ. ಗಡಿಬಿಡಿಯ ಮನೆಗೆ ಇಂಥವರು ಬೇಕೆಂದೇ ಬರುತ್ತಾರೆ. ಎರಡು ಮಾತು ನೆನಪಿಟ್ಟರೆ ಸಾಕು. ಹಣ ಬಂದಿದೆಯೇ ಎಂದು ಬ್ಯಾಂಕಿನ ಆ್ಯಪ್‌ನಲ್ಲಿ ಬ್ಯಾಲೆನ್ಸ್ ನೋಡಿಯೇ ಒಪ್ಪಬೇಕು. ಹಣ ಪಡೆಯಲು ಪಿನ್ ಒತ್ತುವ ಅಗತ್ಯ ಎಂದೂ ಇಲ್ಲ, "ಹಣ ಬರಬೇಕಾದರೆ ಪಿನ್ ಹಾಕಿ" ಎಂದರೆ ಅದು ನಮ್ಮ ಹಣ ಹೋಗುವ ದಾರಿ.

ಮೂರನೆಯ ಕೆಲಸ, ಯಾರಿಗೆ ಕೊಡುವುದು, ಯಾರಿಗೆ ಹಣ ವಾಪಸ್ ಮಾಡುವುದು. ಒಬ್ಬರಿಗೆ ಒಂದೇ ಕಟ್ಟು, ಹಣ ಬಂದ ಸಮಯದ ಕ್ರಮದಲ್ಲಿ ಮೊದಲ 60 ಜನರಿಗೆ ಎಂದು ನಿಯಮ ಮಾಡಿದೆವು. ಪರಿಚಯದವರಿಗೂ ಅದೇ ನಿಯಮ. 118 ಕಟ್ಟಿಗೆ ಬಂದ ಹಣ 29,500 ರೂಪಾಯಿ. ಅದರಲ್ಲಿ 60 ಕಟ್ಟಿನ 15,000 ಉಳಿಸಿಕೊಂಡು 14,500 ವಾಪಸ್ ಮಾಡಬೇಕಿತ್ತು. ಮಂಗಳವಾರ ಸಂಜೆಯೊಳಗೆ ಎಲ್ಲವನ್ನೂ, ಯಾವ ಯುಪಿಐ ಐಡಿಯಿಂದ ಬಂದಿತ್ತೋ ಅದಕ್ಕೇ ಹಾಕಿದೆವು. "ನನ್ನ ತಮ್ಮನ ನಂಬರಿಗೆ ಹಾಕಿ" ಎಂದವರಿಗೂ ಬಂದ ಕಡೆಗೇ ಹಾಕಿದ್ದು. "ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ" ಎಂದು ಕೆಲವರು ಹೇಳಿದರು. ಇಟ್ಟುಕೊಳ್ಳಲಿಲ್ಲ. ಮುಂದಿನ ವರ್ಷ ಹಲಸು ಹೇಗೆ ಬರುತ್ತದೋ ಯಾರಿಗೆ ಗೊತ್ತು?

ಇನ್ನು ಕಾಮೆಂಟ್. ಸಾವಿರ ಕಾಮೆಂಟಿಗೂ ಉತ್ತರಿಸುವ ಅಗತ್ಯವಿಲ್ಲ. ಬೆಲೆ ಎಷ್ಟು, ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗೆ ಪೋಸ್ಟಿನ ಮೇಲಿನ ಸಾಲುಗಳೇ ಉತ್ತರ. "ಹಪ್ಪಳಕ್ಕೆ ಇಷ್ಟೊಂದು ರೇಟಾ?" ಎಂದು ಜಗಳಕ್ಕೆ ಬಂದವರಿಗೆ ಉತ್ತರವೇ ಬೇಡ. "ಹಣ ಹಾಕಿದೆ, ಉತ್ತರವಿಲ್ಲ" ಎಂದವರಿಗೆ ಮಾತ್ರ ಅವತ್ತೇ, ಅಲ್ಲೇ, ಎಲ್ಲರಿಗೂ ಕಾಣುವಂತೆ ಉತ್ತರಿಸಬೇಕು. ತಂಗಿ ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಅಂಥವನ್ನಷ್ಟೇ ಹುಡುಕಿ ಉತ್ತರಿಸುತ್ತಿದ್ದಳು.

ಹೀಗೆ ಹುಡುಕುವಾಗಲೇ ಒಂದು ವಿಷಯ ಹೊರಬಿತ್ತು. ಇಬ್ಬರು ಹಣ ಹಾಕಿದ್ದೇವೆ ಎನ್ನುತ್ತಾರೆ, ಪಟ್ಟಿಯಲ್ಲಿ ಅವರಿಲ್ಲ. ವಿಚಾರಿಸಿದರೆ, ಯಾರೋ ಅದೇ ವಿಡಿಯೊ ಕದ್ದು, ಚಿಕ್ಕಮ್ಮನ ಚಿತ್ರವಿಟ್ಟು ಬೇರೆ ಖಾತೆ ತೆರೆದು, ತಮ್ಮ ಕ್ಯೂಆರ್ ಕೋಡ್ ಹಾಕಿದ್ದರು. ನಮ್ಮ ಪೋಸ್ಟಿನ ಕೆಳಗೇ "ಆರ್ಡರ್‌ಗೆ ಇಲ್ಲಿ ಬನ್ನಿ" ಎಂದು ಬರೆದಿದ್ದರು ಕೂಡ! ಆ ಕಾಮೆಂಟ್ ಅಳಿಸಿ, ಆ ಖಾತೆಯನ್ನು ನಾವೂ ನೆಂಟರೂ ರಿಪೋರ್ಟ್ ಮಾಡಿ, ನಮ್ಮದು ಒಂದೇ ನಂಬರ್, ಬೇರೆಲ್ಲ ಸುಳ್ಳು ಎಂದು ಪೋಸ್ಟಿನ ಮೊದಲ ಸಾಲಿಗೇ ಸೇರಿಸಿದೆವು. ಹಣ ಕಳೆದುಕೊಂಡ ಇಬ್ಬರಿಗೂ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲು ಹೇಳಿದೆವು. ಬೇಗ ದೂರು ಕೊಟ್ಟಷ್ಟೂ ಆ ಹಣವನ್ನು ಬ್ಯಾಂಕಿನಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಕೊನೆಯದು ಕಳಿಸುವ ಕೆಲಸ. 250 ರೂಪಾಯಿಯಲ್ಲಿ ಸಾಗಣೆ ಖರ್ಚು ಸೇರಿರಲಿಲ್ಲ, ಪೋಸ್ಟಿನಲ್ಲಿ ಆ ಮಾತೇ ಇರಲಿಲ್ಲ. ಹಪ್ಪಳ ಹಗುರ, ಆದರೆ ಡಬ್ಬ ದೊಡ್ಡದಾದರೆ ಅನೇಕ ಕೊರಿಯರ್‌ನವರು ಗಾತ್ರದ ಲೆಕ್ಕದಲ್ಲಿ ಹಣ ಕೇಳುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವ ಕಿಲೋ, ನಿಜವಾದ ತೂಕ, ಇವೆರಡರಲ್ಲಿ ಹೆಚ್ಚಿನದಕ್ಕೆ ದರ. ಅಂಗಡಿಯಲ್ಲಿ ಸಿಕ್ಕ 30, 25, 20ರ ಡಬ್ಬಕ್ಕೆ 3 ಕಿಲೋ ಆಗುತ್ತಿತ್ತು, ಒಳಗಿರುವುದು ಮುಕ್ಕಾಲು ಕಿಲೋ ಆದರೂ! 25, 20, 10ರ ಡಬ್ಬ ತರಿಸಿದ ಮೇಲೆ ಅದು 1 ಕಿಲೋಗೆ ಇಳಿಯಿತು. ಮೊದಲು ಎರಡೇ ಡಬ್ಬ ಕಳಿಸಿ, ತಲುಪಿದಾಗ ಎಷ್ಟು ಒಡೆದಿದೆ ಎಂದು ಫೋಟೊ ತರಿಸಿಕೊಂಡೆವು. ಮೇಲೆ ಕೆಳಗೆ ದಪ್ಪ ರಟ್ಟು ಇಟ್ಟ ಡಬ್ಬದಲ್ಲಿ ಬಹಳ ಕಡಿಮೆ ಒಡೆದಿತ್ತು. ಉಳಿದವಕ್ಕೆಲ್ಲ ಹಾಗೇ ಮಾಡಿ, ದಿನಕ್ಕೆ 10ರಂತೆ ಕಳಿಸಿದೆವು. ಸಾಗಣೆ ಖರ್ಚು ಎಷ್ಟೆಂದು ಪ್ರತಿಯೊಬ್ಬರಿಗೂ ಮೊದಲೇ ತಿಳಿಸಿದೆವು. ನಾಲ್ವರು ಬೇಡ ಎಂದರು, ಅವರ ಹಣ ವಾಪಸ್ ಹಾಕಿ, ಪಟ್ಟಿಯಲ್ಲಿ ಮುಂದಿನ ನಾಲ್ವರನ್ನು ಕೇಳಿದೆವು, ಅವರು ಸಂತೋಷವಾಗಿ ಒಪ್ಪಿದರು.

ಮಳೆ ಹಿಡಿದಾಗ ಡಬ್ಬಿ ಖಾಲಿಯಾಗಿತ್ತು, ಕೊಡಬೇಕಾದ ಹಣ ಒಂದು ರೂಪಾಯಿಯೂ ಉಳಿದಿರಲಿಲ್ಲ. ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಮುಂದಿನ ವರ್ಷ ಬೇಕೆಂದವರ 340 ಹೆಸರುಗಳಿದ್ದವು. ಚಿಕ್ಕಮ್ಮ ಆ ಪಟ್ಟಿ ನೋಡಿ, "ಇನ್ನೂ ನಾಲ್ಕು ಮನೆಯವರನ್ನು ಸೇರಿಸಿಕೊಳ್ಳಬೇಕು, ಒತ್ತುವ ಮಣೆಯೂ ಸಾಲದು" ಎಂದರು. ಮಾರ್ಚಿಗೆ ಮೊದಲು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಆ ಸಂಖ್ಯೆಯನ್ನು ಲೇಬಲ್ ಮೇಲೆ ಹಾಕುವುದೆಂದೂ ತೀರ್ಮಾನವಾಯಿತು.

ಇಲ್ಲಿ ಕೂತಿರುವವರಲ್ಲಿ ಯಾರಾದರೂ ಇವತ್ತು ಸಂಜೆ ಮನೆಗೆ ಹೋಗಿ ಏನನ್ನಾದರೂ ಮಾರಲು ಪೋಸ್ಟ್ ಹಾಕುವುದಿದ್ದರೆ, ಬೆಲೆಯ ಜೊತೆಗೆ ಇನ್ನೂ ಮೂರು ಮಾತು ಬರೆಯಿರಿ: ನಮ್ಮಲ್ಲಿ ಇರುವುದು ಇಷ್ಟು, ಸಾಗಣೆ ಖರ್ಚು ಬೇರೆ, ನಾವು 'ಇದೆ' ಎಂದು ಹೇಳಿದ ಮೇಲೆಯೇ ಹಣ ಹಾಕಿ. ಹತ್ತು ಜನ ನೋಡಿದರೂ ಸರಿ, ಹತ್ತು ಸಾವಿರ ಜನ ನೋಡಿದರೂ ಸರಿ, ಅದು ಸಾಕಾಗುತ್ತದೆ.