ಹಾವು ಕಡಿದ ಮೊದಲ 24 ಗಂಟೆ: ಬಳಿಯಲ್ಲಿರುವವರು ನೋಡಬೇಕಾದ್ದೇನು?

(ಮೈಸೂರಿನಲ್ಲಿ ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ಮುಂದೆ ಮಾಡಿದ ಭಾಷಣದ ಪಾಠ)



ಹಾವು ಕಡಿದವನ ಪ್ರಾಣ ಉಳಿಸುವ ಔಷಧ ಒಂದೇ. ಅದು ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಕೊಡುವ ಪ್ರತಿವಿಷ. ಆದರೆ ಕಡಿದ ಪ್ರತಿಯೊಬ್ಬನಿಗೂ ಅದನ್ನು ಕೊಡುವುದಿಲ್ಲ. ವಿಷ ಮೈಯಲ್ಲಿ ಕೆಲಸ ಮಾಡುತ್ತಿದೆ ಎಂಬ ಚಿಹ್ನೆ ಕಂಡಾಗ ಮಾತ್ರ ಕೊಡುತ್ತಾರೆ. ಆ ಚಿಹ್ನೆ ಕೆಲವರಲ್ಲಿ ಅರ್ಧ ಗಂಟೆಗೇ ಕಾಣಬಹುದು, ಕೆಲವರಲ್ಲಿ ಆರೆಂಟು ಗಂಟೆಯಾದರೂ ಕಾಣದಿರಬಹುದು. ಆದ್ದರಿಂದ ಕಡಿದವನನ್ನು 24 ಗಂಟೆಯಾದರೂ ಆಸ್ಪತ್ರೆಯಲ್ಲಿಟ್ಟು ನೋಡಬೇಕು. ಹಾಗೆ ನೋಡುವುದು ದಾದಿಯರ ಕೆಲಸವಾದರೂ, ಮಗ್ಗುಲಲ್ಲಿ ಕುಳಿತ ಮನೆಯವರಿಗೂ ಏನನ್ನು ನೋಡಬೇಕೆಂಬುದು ತಿಳಿದಿದ್ದರೆ ರೋಗಿಗೆ ಬಹಳ ಉಪಕಾರವಾಗುತ್ತದೆ.

ನಮ್ಮ ಕಡೆ ಸಾವು ತರುವ ಹಾವುಗಳು ಮುಖ್ಯವಾಗಿ ನಾಲ್ಕು. ನಾಗರಹಾವು ಮತ್ತು ಕಟ್ಟುಹಾವು, ಅಂದರೆ ಕಡಂಬಳ, ನರಗಳ ಮೇಲೆ ಕೆಲಸ ಮಾಡುವ ವಿಷದವು. ಕೊಳಕುಮಂಡಲ ಮತ್ತು ಗರಗಸಮಂಡಲ ರಕ್ತವನ್ನು ಕೆಡಿಸುವ ವಿಷದವು. ಭಾರತದಲ್ಲಿ ದೊರೆಯುವ ಪ್ರತಿವಿಷ ಈ ನಾಲ್ಕಕ್ಕೂ ಒಂದೇ. ಆದ್ದರಿಂದ ಹಾವನ್ನು ಹುಡುಕಿ ಕೊಂದು ಆಸ್ಪತ್ರೆಗೆ ಒಯ್ಯಬೇಕಾಗಿಲ್ಲ. ಹುಡುಕಲು ಹೋಗಿ ಇನ್ನೊಬ್ಬನು ಕಡಿಸಿಕೊಳ್ಳುವುದೂ ಉಂಟು.

ಈಗ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ತಿರುಮಕೂಡಲು ನರಸೀಪುರದ ಕಡೆಯ ಗದ್ದೆ. ಭತ್ತದ ಕೊಯ್ಲು ನಡೆದಿದೆ. ಸಂಜೆ 5-30ಕ್ಕೆ ಸುಮಾರು 50 ಕಿಲೋ ತೂಕದ ಆಳೊಬ್ಬನ ಬಲ ಪಾದಕ್ಕೆ ಕೊಳಕುಮಂಡಲ ಕಡಿಯುತ್ತದೆ ಎಂದಿಟ್ಟುಕೊಳ್ಳಿ.

ಮೊದಲು ಮಾಡಬೇಕಾದ್ದು ಅವನನ್ನು ನಡೆಯಲು ಬಿಡದೆ ಅಲ್ಲಿಯೇ ಮಲಗಿಸುವುದು. ಕಾಲು ಆಡಿಸಿದಷ್ಟೂ ವಿಷ ಬೇಗ ಮೇಲೇರುತ್ತದೆ. ಕಾಲುಂಗುರ, ಕಾಲ್ಗಡಗ, ಚಪ್ಪಲಿ ಇದ್ದರೆ ತೆಗೆಯಬೇಕು. ಊತ ಬಂದ ಮೇಲೆ ಅವು ಬಾರವು, ಮಾಂಸವನ್ನು ಹಿಸುಕುತ್ತವೆ. ಮೂಳೆ ಮುರಿದವರಿಗೆ ಕಟ್ಟುವಂತೆ ಎರಡು ಬಿದಿರು ದಬ್ಬೆಗಳನ್ನು ಕಾಲಿನ ಎರಡು ಪಕ್ಕಕ್ಕೂ ಇಟ್ಟು ಪಂಚೆಯಿಂದ ಸಡಿಲವಾಗಿ ಕಟ್ಟಬೇಕು. ಬೆರಳೊಂದು ಒಳಗೆ ತೂರುವಷ್ಟು ಸಡಿಲವಿರಲಿ. ಆಮೇಲೆ 108 ವಾಹನಕ್ಕೆ ಕರೆ ಮಾಡಬೇಕು, ಇಲ್ಲವೇ ಸಿಕ್ಕಿದ ವಾಹನದಲ್ಲಿ ಒಯ್ಯಬೇಕು. ವಾಂತಿಯಾಗುತ್ತಿದ್ದರೆ ಎಡ ಮಗ್ಗುಲಿಗೆ ಮಲಗಿಸಿಯೇ ಒಯ್ಯಬೇಕು.

ಗಾಯವನ್ನು ಕೊಯ್ಯುವುದು, ಬಾಯಿಂದ ಹೀರುವುದು, ಸುಡುವುದು, ಸೊಪ್ಪು ಅರೆದು ಹಚ್ಚುವುದು ಇವೆಲ್ಲ ಕೂಡದು. ರಕ್ತ ಹೆಪ್ಪುಗಟ್ಟದ ಮೈಯಲ್ಲಿ ಕೊಯ್ದ ಗಾಯ ನಿಲ್ಲದೆ ಸುರಿಯುತ್ತದೆ. ಹಗ್ಗದಿಂದ ಬಿಗಿಯಾಗಿ ಕಟ್ಟುವುದೂ ತಪ್ಪೇ. ಕಟ್ಟಿದ ಜಾಗದ ಕೆಳಗೆ ಮಾಂಸ ಸತ್ತು ಕಾಲನ್ನೇ ಕತ್ತರಿಸಬೇಕಾದೀತು. ಆದರೆ ಯಾರೋ ಮೊದಲೇ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ಅದನ್ನು ತಟಕ್ಕನೆ ಬಿಚ್ಚಬಾರದು. ತಡೆದು ನಿಂತಿದ್ದ ವಿಷವೆಲ್ಲ ಒಮ್ಮೆಗೇ ನುಗ್ಗುತ್ತದೆ. ಪ್ರತಿವಿಷ ಸಿದ್ಧವಿರುವ ಕಡೆ ವೈದ್ಯರೆದುರಿಗೇ ಬಿಚ್ಚಬೇಕು.

ಮಂತ್ರದಿಂದ, ನಾಟಿ ಔಷಧದಿಂದ ವಾಸಿಯಾಯಿತೆಂಬ ಮಾತನ್ನು ಎಲ್ಲ ಊರಿನಲ್ಲೂ ಕೇಳುತ್ತೇವೆ. ಕಡಿಯುವ ಹಾವುಗಳಲ್ಲಿ ವಿಷವಿಲ್ಲದವು ಅನೇಕ. ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಡಿಯುತ್ತದೆ. ಅಂಥವರು ಏನೂ ಮಾಡದಿದ್ದರೂ ಬದುಕುತ್ತಾರೆ. ನಿಜವಾಗಿ ವಿಷ ಏರಿದವನಿಗೆ ಅಲ್ಲಿ ಕಳೆದ ಎರಡು ಗಂಟೆ ಮತ್ತೆ ಸಿಕ್ಕುವುದಿಲ್ಲ.

ನಮ್ಮ ರೋಗಿ 6-15ಕ್ಕೆ ತಾಲ್ಲೂಕು ಆಸ್ಪತ್ರೆ ತಲುಪುತ್ತಾನೆ. ದಾದಿ ಪೆನ್ನಿನಿಂದ ಊತದ ಅಂಚಿಗೆ ಗೆರೆ ಎಳೆದು ಪಕ್ಕದಲ್ಲಿ ವೇಳೆ ಬರೆಯುತ್ತಾಳೆ. ಆಗ ಊತ ಪಾದದಲ್ಲೇ ಇದೆ. ನಂತರ 20 ನಿಮಿಷದ ರಕ್ತಪರೀಕ್ಷೆ. ಶುಭ್ರವಾದ, ಒಣಗಿದ ಗಾಜಿನ ಟೆಸ್ಟ್ ಟ್ಯೂಬಿನಲ್ಲಿ 2 ಮಿಲಿಲೀಟರ್ ರಕ್ತ ಹಾಕಿ ಅಲುಗಾಡಿಸದೆ 20 ನಿಮಿಷ ನಿಲ್ಲಿಸಿ, ಒಮ್ಮೆ ಓರೆ ಮಾಡಿ ನೋಡುತ್ತಾರೆ. ಹೆಪ್ಪುಗಟ್ಟಿದ ರಕ್ತ ಮೊಸರಿನಂತೆ ನಿಲ್ಲುತ್ತದೆ. ನೀರಿನಂತೆ ಹರಿದರೆ ವಿಷ ರಕ್ತವನ್ನು ಕೆಡಿಸಿದೆ ಎಂದರ್ಥ. ಕೊಳವೆ ಗಾಜಿನದ್ದೇ ಆಗಿರಬೇಕು, ಸೋಪಿನಲ್ಲಿ ತೊಳೆದದ್ದಾಗಿರಬಾರದು. ಪ್ಲಾಸ್ಟಿಕ್ಕಿನಲ್ಲಿ, ಸೋಪಿನ ಅಂಶ ಉಳಿದ ಗಾಜಿನಲ್ಲಿ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಮೋಸ ಮಾಡುತ್ತದೆ.

6-20ಕ್ಕೆ ತೆಗೆದ ರಕ್ತ 6-40ಕ್ಕೆ ಹೆಪ್ಪುಗಟ್ಟಿದೆ. ಅನೇಕರು ಮನೆಗೆ ಹೊರಡುವುದು ಇಲ್ಲಿಯೇ. ಆದರೆ ಒಂದು ಪರೀಕ್ಷೆ ಸರಿಯಿದ್ದ ಮಾತ್ರಕ್ಕೆ ಅಪಾಯ ಕಳೆಯಿತೆಂದಲ್ಲ. ಈ ಪರೀಕ್ಷೆಯನ್ನು ಮೊದಲ 3 ಗಂಟೆ ಗಂಟೆಗೊಮ್ಮೆ, ಆಮೇಲೆ 24 ಗಂಟೆಯವರೆಗೆ 6 ಗಂಟೆಗೊಮ್ಮೆ ಮಾಡಬೇಕು. 7-20ಕ್ಕೆ ತೆಗೆದ ರಕ್ತ 7-40ರಲ್ಲೂ ನೀರಾಗಿಯೇ ಇದೆ. ಅಷ್ಟರಲ್ಲಿ ಊತ ಗೆರೆ ದಾಟಿ ಮೀನಖಂಡಕ್ಕೆ ಬಂದಿದೆ, ಉಗುಳಿದರೆ ಒಸಡಿನ ರಕ್ತ ಕಾಣುತ್ತದೆ. ರಕ್ತವಿಷದ ಇತರ ಚಿಹ್ನೆಗಳೆಂದರೆ ಸೂಜಿ ಚುಚ್ಚಿದ ಜಾಗ ಒಸರುವುದು, ವಾಂತಿಯಲ್ಲಿ ರಕ್ತ, ಮೂತ್ರ ಕೆಂಪಾಗುವುದು. ತೀವ್ರ ತಲೆನೋವು ಬಂದು ಮಂಪರು ಕವಿದರೆ ಮಿದುಳಿನಲ್ಲಿ ರಕ್ತ ಸುರಿಯುತ್ತಿರಬಹುದು. ಕೂಡಲೆ ವೈದ್ಯರಿಗೆ ತಿಳಿಸಬೇಕು.

ಪ್ರತಿವಿಷದ 10 ಸೀಸೆಗಳನ್ನು ಸಲೈನಿನಲ್ಲಿ ಬೆರೆಸಿ ಸುಮಾರು ಒಂದು ಗಂಟೆಯಲ್ಲಿ ಕೊಡುತ್ತಾರೆ. ಮಕ್ಕಳಿಗೂ ಪ್ರಮಾಣ ಇಷ್ಟೇ. ಹಾವು ಮಗುವಿಗೆಂದು ವಿಷ ಕಡಿಮೆ ಬಿಡುವುದಿಲ್ಲವಲ್ಲ! ಪ್ರತಿವಿಷ ಕುದುರೆಯ ರಕ್ತದಿಂದ ಆಗುವುದರಿಂದ ಕೆಲವರ ಮೈಗೆ ಒಗ್ಗುವುದಿಲ್ಲ. ಹನಿ ಶುರುವಾಗಿ ಹತ್ತು ನಿಮಿಷದಲ್ಲಿ ನಮ್ಮ ರೋಗಿ ಮೈ ತುರಿಸಿಕೊಳ್ಳತೊಡಗುತ್ತಾನೆ, ದದ್ದು ಏಳುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ. ದಾದಿ ಹನಿಯನ್ನು ನಿಲ್ಲಿಸಿ, ವೈದ್ಯರನ್ನು ಕರೆದು, ತೊಡೆಗೆ 0.5 ಮಿಲಿಗ್ರಾಂ ಅಡ್ರಿನಾಲಿನ್ ಕೊಡುತ್ತಾಳೆ. ತೊಂದರೆ ಇಳಿದ ಮೇಲೆ ಹನಿಯನ್ನು ನಿಧಾನವಾಗಿ ಮತ್ತೆ ಶುರುಮಾಡುತ್ತಾರೆ. ಮೈಗೆ ಒಗ್ಗಲಿಲ್ಲವೆಂದು ಮನೆಯವರು ಔಷಧವನ್ನೇ ಬೇಡವೆನ್ನಬಾರದು. ಪ್ರತಿವಿಷ ಬಿಟ್ಟರೆ ಬೇರೆ ದಾರಿಯಿಲ್ಲ.

ಮುಂದಿನ ರಕ್ತಪರೀಕ್ಷೆ 6 ಗಂಟೆಯ ನಂತರ, ರಾತ್ರಿ 2ಕ್ಕೆ. ಪ್ರತಿವಿಷ ವಿಷವನ್ನು ತಡೆಯುತ್ತದೆಯೇ ಹೊರತು, ಕೆಟ್ಟ ರಕ್ತವನ್ನು ಸರಿಪಡಿಸುವುದಿಲ್ಲ. ಹೆಪ್ಪುಗಟ್ಟಿಸುವ ವಸ್ತುಗಳನ್ನು ಪಿತ್ತಜನಕಾಂಗ ಹೊಸದಾಗಿ ತಯಾರಿಸಬೇಕು, ಅದಕ್ಕೆ ಅಷ್ಟು ಹೊತ್ತು ಬೇಕು. 2 ಗಂಟೆಗೂ ರಕ್ತ ಹೆಪ್ಪುಗಟ್ಟದಿದ್ದುದರಿಂದ ಇನ್ನೂ 10 ಸೀಸೆ ಕೊಟ್ಟರು. ಬೆಳಿಗ್ಗೆ 8ಕ್ಕೆ ರಕ್ತ ಹೆಪ್ಪುಗಟ್ಟಿತು.

ಅಲ್ಲಿಗೆ ಮುಗಿಯಿತೆ? ಇಲ್ಲ. ಕೊಳಕುಮಂಡಲದ ವಿಷ ಮೂತ್ರಪಿಂಡಕ್ಕೂ ಹೊಡೆಯುತ್ತದೆ. ಆದ್ದರಿಂದ ಮೂತ್ರವನ್ನು ಅಳತೆಯ ಪಾತ್ರೆಯಲ್ಲಿ ಹಿಡಿದು ಬರೆದಿಡಬೇಕು. 50 ಕಿಲೋ ತೂಕದವನಿಗೆ ಗಂಟೆಗೆ 25 ಮಿಲಿಲೀಟರಿಗೆ ಕಡಿಮೆಯಾಗಬಾರದು, ಅಂದರೆ 6 ಗಂಟೆಗೆ 150. ನಮ್ಮ ರೋಗಿಗೆ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಆದದ್ದು 60 ಮಿಲಿಲೀಟರ್ ಮಾತ್ರ, ಅದೂ ಕಾಫಿ ಡಿಕಾಕ್ಷನ್ನಿನ ಬಣ್ಣ. ಈ ಒಂದು ಲೆಕ್ಕದ ಮೇಲೆಯೇ ವೈದ್ಯರು ಅವನನ್ನು ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಅಲ್ಲಿ ಕೆಲವು ದಿನ ಡಯಾಲಿಸಿಸ್ ಬೇಕಾದೀತು, ಆದರೆ ಸಕಾಲದಲ್ಲಿ ಹೋದವರಲ್ಲಿ ಅನೇಕರ ಮೂತ್ರಪಿಂಡ ಚೇತರಿಸಿಕೊಳ್ಳುತ್ತದೆ. ಮೂತ್ರವನ್ನು ಬಚ್ಚಲಿಗೆ ಚೆಲ್ಲಿದ್ದರೆ ಈ ಅಪಾಯ ಗೊತ್ತಾಗುವಾಗ ಎರಡು ದಿನ ಕಳೆದಿರುತ್ತಿತ್ತು. ನೋವಿಗೆಂದು ಮನೆಯವರು ಅಂಗಡಿಯ ಆಸ್ಪಿರಿನ್, ಡೈಕ್ಲೋಫೆನಾಕ್ ಮಾತ್ರೆಗಳನ್ನೂ ಕೊಡಬಾರದು. ಅವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ, ಡೈಕ್ಲೋಫೆನಾಕ್ ಮೂತ್ರಪಿಂಡಕ್ಕೂ ಕೆಡುಕು.

ನರವಿಷದ ರೀತಿಯೇ ಬೇರೆ. ಕಟ್ಟುಹಾವು ರಾತ್ರಿ ಓಡಾಡುವಂಥದು, ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲಿಯೇ ಕಡಿಯುತ್ತದೆ. ಹಲ್ಲು ಸಣ್ಣದು, ಊತವಿಲ್ಲ, ಉರಿಯಿಲ್ಲ, ಎಷ್ಟೋ ವೇಳೆ ಗುರುತೂ ಇಲ್ಲ. ಬೆಳಗಿನ ಜಾವ ಹೊಟ್ಟೆನೋವು, ವಾಂತಿ ಎಂದು ಏಳುತ್ತಾರೆ. ಮನೆಯವರು ರಾತ್ರಿಯ ಊಟದ ಮೇಲೆ ತಪ್ಪು ಹೊರಿಸುತ್ತಾರೆ. ನೆಲದ ಮೇಲೆ ಮಲಗಿದ್ದವರು ಹೊಟ್ಟೆನೋವೆಂದು ಎದ್ದು, ಅವರ ಕಣ್ಣುರೆಪ್ಪೆ ಜೋಲುತ್ತಿದ್ದರೆ ಅದನ್ನು ಹಾವಿನ ಕಡಿತವೆಂದೇ ತಿಳಿದು ಹೊರಡಬೇಕು.

ನರವಿಷ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಮೊದಲು ಎರಡು ರೆಪ್ಪೆಗಳೂ ಜೋಲುತ್ತವೆ. ನಂತರ ಒಂದು ವಸ್ತು ಎರಡಾಗಿ ಕಾಣುತ್ತದೆ, ಮಾತು ತೊದಲುತ್ತದೆ, ಉಗುಳು ನುಂಗಲಾಗದೆ ಬಾಯಲ್ಲಿ ನಿಲ್ಲುತ್ತದೆ, ತಲೆ ದಿಂಬಿನಿಂದ ಎತ್ತಲಾಗುವುದಿಲ್ಲ. ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಇದನ್ನು ನೋಡಲು ಯಂತ್ರ ಬೇಡ. ರೋಗಿಗೆ ಒಂದು ನಿಮಿಷ ತಲೆ ಎತ್ತದೆ ಮೇಲಕ್ಕೆ ನೋಡಲು ಹೇಳಿ. ಸೋತ ರೆಪ್ಪೆ ಆ ಒಂದು ನಿಮಿಷದಲ್ಲಿ ಇಳಿದುಬಿಡುತ್ತದೆ. ಒಂದೇ ಉಸಿರಿನಲ್ಲಿ ಎಷ್ಟು ಎಣಿಸಬಲ್ಲನೋ ಕೇಳಿ ಬರೆದುಕೊಳ್ಳಿ. ಮೊದಲು 22 ಎಣಿಸಿದವನು ಅರ್ಧ ಗಂಟೆಯ ಮೇಲೆ 15, ಮತ್ತೆ ಅರ್ಧ ಗಂಟೆಗೆ 9 ಎಂದರೆ ಉಸಿರು ಸೋಲುತ್ತಿದೆ ಎಂದು ಸ್ಪಷ್ಟ. ಉಸಿರಿನ ಯಂತ್ರ ಇರುವ ಕಡೆಗೆ ಸಾಗಿಸುವ ಸಮಯ ಅದು. ಪೂರ್ತಿ ನಿಲ್ಲುವವರೆಗೆ ಕಾಯಬಾರದು. ಇಂಥವರಿಗೆ ಬಾಯಿಗೆ ನೀರು, ಹಾಲು, ಔಷಧ ಏನನ್ನೂ ಹಾಕಕೂಡದು. ನುಂಗಲಾರದವನ ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮಗ್ಗುಲಿಗೆ ಮಲಗಿಸಿ ಜೊಲ್ಲನ್ನು ಒರೆಸುತ್ತಿರಬೇಕು.

ಪೂರ್ತಿ ಸೋತ ರೋಗಿ ಕಣ್ಣು ಬಿಡುವುದಿಲ್ಲ, ಕೈಕಾಲು ಆಡಿಸುವುದಿಲ್ಲ, ಕಣ್ಣಿನ ಪಾಪೆಯೂ ಬೆಳಕಿಗೆ ಕುಗ್ಗದಿರಬಹುದು. ನೋಡಿದವರು ಹೋಗಿಬಿಟ್ಟನೆಂದು ಅಳತೊಡಗುತ್ತಾರೆ. ಆದರೆ ಅವನಿಗೆ ಎಲ್ಲವೂ ಕೇಳಿಸುತ್ತಿರಬಹುದು! ಉಸಿರಿನ ಯಂತ್ರದ ಆಸರೆಯಲ್ಲಿ ಕೆಲವು ದಿನ ಕಳೆದರೆ ಇಂಥವರು ಪೂರ್ತಿ ಗುಣವಾಗಿ ಎದ್ದು ನಡೆಯುತ್ತಾರೆ. ಆದ್ದರಿಂದ ಆಸೆ ಬಿಟ್ಟು ಮನೆಗೆ ಕರೆದೊಯ್ಯಬಾರದು. ಅವನ ಹಾಸಿಗೆಯ ಬಳಿ ಸಾವಿನ ಮಾತನ್ನೂ ಆಡಬಾರದು.

ಇನ್ನೊಂದು ಸಂಗತಿ. ದಕ್ಷಿಣ ಭಾರತದ ಕೊಳಕುಮಂಡಲ ಕಡಿದಾಗ ರೆಪ್ಪೆ ಜೋಲುವುದೂ ಉಂಟು. ಆದ್ದರಿಂದ ಹಾವು ಯಾವುದೆಂದು ಗೊತ್ತಿದ್ದರೂ ಎರಡೂ ಬಗೆಯ ಚಿಹ್ನೆಗಳನ್ನು ನೋಡುತ್ತಿರಬೇಕು.

ಹೊರಡುವಾಗ ಒಂದು ಚೀಟಿಯಲ್ಲಿ ಕಡಿದ ವೇಳೆ, ಕಡಿದ ಜಾಗ, ಕಟ್ಟು ಹಾಕಿದ್ದರೆ ಹಾಕಿದ ವೇಳೆ, ಮೊದಲ ವಾಂತಿ, ರೆಪ್ಪೆ ಜೋತ ವೇಳೆ, ಕೊನೆಯ ಬಾರಿ ಮೂತ್ರವಾದ ವೇಳೆ ಇಷ್ಟನ್ನು ಬರೆದು ವೈದ್ಯರ ಕೈಗೆ ಕೊಡಬೇಕು. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಆಸ್ಪತ್ರೆಯ ದಾಖಲೆಗೂ ಈ ಚೀಟಿ ಸಹಾಯವಾಗುತ್ತದೆ.

ಗುಣವಾಗಿ ಮನೆಗೆ ಬಂದ ಮೇಲೂ ಎರಡು ವಾರ ಗಮನವಿರಲಿ. ಆಗ ಜ್ವರ, ಕೀಲುನೋವು, ಮೈಮೇಲೆ ದದ್ದು ಕಂಡರೆ ಅದು ಹಾವಿನ ವಿಷ ಮರುಕಳಿಸಿದ್ದಲ್ಲ, ಪ್ರತಿವಿಷದಿಂದ ತಡವಾಗಿ ಬರುವ ತೊಂದರೆ. ಅದಕ್ಕೆ ಔಷಧವಿದೆ. ಬಿಡುಗಡೆಯ ಚೀಟಿಯೊಂದಿಗೆ ಅದೇ ಆಸ್ಪತ್ರೆಗೆ ಹೋಗಿ ತೋರಿಸಬೇಕು.