ಮೊದಲ ಐದು ಸೆಕೆಂಡು ಯಾರ ಪಾಲಿಗೆ?



 ಬಡ್ಡಿಯ ಗಣಿತವನ್ನೂ ಜಾಹೀರಾತಿನ ನೀತಿಯನ್ನೂ ಕುರಿತು ಆಳವಾಗಿ ಬರೆದವರು ದೇವರಾಜ ಮೊಹಲ್ಲಾದ ಈ ಸಭೆಯ ಮುಂದಿನ ಸಾಲಿನಲ್ಲಿಯೇ ಆಸೀನರಾಗಿರುವುದರಿಂದ, ಅವರ ಗ್ರಂಥಗಳ ಸಾರವನ್ನು ಅವರಿಗೇ ಒಪ್ಪಿಸುವ ಧಾರ್ಷ್ಟ್ಯಕ್ಕೆ ನಾನು ಇಳಿಯಲಾರೆ. ಬಹುಕಾಲದ ಒಂದು ಆಕ್ಷೇಪವನ್ನಷ್ಟೇ ನಿಮ್ಮ ಮುಂದಿಡುವೆನು. ಎಚ್ಚರಿಕೆಯ ಮಾತು ಎಷ್ಟು ದಪ್ಪ ಅಕ್ಷರದಲ್ಲಿರಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂದು ನಾವು ತರ್ಕಿಸಿದೆವೇ ಹೊರತು, ಅದು ಯಾವ ಮಾತಿನ ಪಕ್ಕದಲ್ಲಿ ನಿಲ್ಲಬೇಕೆಂದು ಕೇಳಿಕೊಳ್ಳಲಿಲ್ಲ.

ಸಾಲದ ಆ್ಯಪೊಂದರ ಹದಿನೈದು ಸೆಕೆಂಡಿನ ಜಾಹೀರಾತನ್ನು ಕಲ್ಪಿಸಿಕೊಳ್ಳಿರಿ: 'ಹತ್ತು ಸಾವಿರ ಸಾಲ, ಆರು ಕಂತು, ತಿಂಗಳಿಗೆ ಬರೀ ಶೇ. 2 ಬಡ್ಡಿ!' ಕೇಳಿದವನು ಇದನ್ನು ವರ್ಷಕ್ಕೆ ಶೇ. 24 ಎಂದೆಣಿಸುತ್ತಾನೆ. ಆದರೆ ಕಂತು ಕಟ್ಟಿದಂತೆಲ್ಲ ಅಸಲು ಕರಗುತ್ತಿದ್ದರೂ ಬಡ್ಡಿ ಮಾತ್ರ ಕೊನೆಯವರೆಗೂ ಪೂರ್ತಿ ಹತ್ತು ಸಾವಿರದ ಮೇಲೆಯೇ ಬೀಳುವುದಾದರೆ, ಆರು ತಿಂಗಳಿಗೆ ₹1,200 ಆಗುತ್ತದೆ. ಪ್ರೊಸೆಸಿಂಗ್ ಶುಲ್ಕ ₹500, ಅದರ ಮೇಲಿನ ಜಿಎಸ್‌ಟಿ ₹90 ಮೊದಲೇ ಮುರಿದುಕೊಂಡರೆ ಕೈಗೆ ಬರುವುದು ₹9,410. ಹಿಂದಿರುಗಿಸಬೇಕಾದದ್ದು ತಿಂಗಳಿಗೆ ಸುಮಾರು ₹1,867ರಂತೆ ₹11,200. ಇದರ ನಿಜವಾದ ವಾರ್ಷಿಕ ದರ ಶೇ. 62ನ್ನು ಮೀರುತ್ತದೆ. ಜಾಹೀರಾತಿನಲ್ಲಿ ಸುಳ್ಳೆನ್ನಬಹುದಾದ ಪದ ಒಂದೂ ಇಲ್ಲ. 'ಷರತ್ತುಗಳು ಅನ್ವಯ' ಎಂಬ ಸಾಲೂ ಕೊನೆಯಲ್ಲಿ ಉಂಟು.

ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಇಂಥದೇ ಜಾಹೀರಾತನ್ನು ಫೋನಿನಲ್ಲಿ ತೋರಿಸಿದ ತಾಯಿಯೊಬ್ಬರು, ಮಲ್ಲಿಗೆಯನ್ನು ಮಾರು ಹಾಕುತ್ತಲೇ, "ಈ ಪರ್ಸೆಂಟು ಗಿರ್ಸೆಂಟು ಬಿಡಿ ಸ್ವಾಮಿ, ಕೈಗೆಷ್ಟು ಬರುತ್ತೆ, ಒಟ್ಟು ಎಷ್ಟು ಕಟ್ಬೇಕು, ಅದನ್ನ ಹೇಳಿ" ಎಂದರು. ನಮ್ಮ ಗೋಷ್ಠಿಯ ವಿಷಯಸೂಚಿ ಇಷ್ಟು ಚೊಕ್ಕಟವಾಗಿಲ್ಲವೆಂದರೆ ಸಂಘಟಕರು ಕ್ಷಮಿಸಬೇಕು.

ರಿಸರ್ವ್ ಬ್ಯಾಂಕು ಆ ತಾಯಿಯ ಪ್ರಶ್ನೆಗೆ ಉತ್ತರ ಕೊಡಿಸಿದೆ, ನಿಜ: 2024ರ ಅಕ್ಟೋಬರ್ 1ರಿಂದ ಚಿಲ್ಲರೆ ಸಾಲಗಳಿಗೆಲ್ಲ ವಾರ್ಷಿಕ ದರ ನಮೂದಿಸಿದ ಪ್ರಮುಖಾಂಶ ಪತ್ರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡತಕ್ಕದ್ದು. ಆದರೆ ಆ ಪತ್ರ ಕೈಸೇರುವುದು ಆಸೆ ಚಿಗುರಿ, ಆಧಾರ್ ಸಂಖ್ಯೆ ಒಪ್ಪಿಸಿ, ಒಪ್ಪಂದದ ಹೊಸ್ತಿಲಿಗೆ ಬಂದ ಮೇಲೆ. ಇತ್ತ ಜಾಹೀರಾತು ಮಾನದಂಡ ಮಂಡಳಿಯವರು 2022ರ ಏಪ್ರಿಲಿನಿಂದ ಕ್ರಿಪ್ಟೊ ವಿಡಿಯೊಗಳಿಗೆ, ಸಹಜ ವೇಗದ ಧ್ವನಿಯೊಡನೆ ಕನಿಷ್ಠ ಐದು ಸೆಕೆಂಡಿನ ಎಚ್ಚರಿಕೆಯನ್ನು ವಿಧಿಸಿದರು. ಸ್ಥಾನ ಮಾತ್ರ ವಿಡಿಯೊದ ಅಂತ್ಯದಲ್ಲಿ. ಯೂಟ್ಯೂಬಿನಲ್ಲಿ ದಾಟಿಸಬಹುದಾದ ಜಾಹೀರಾತನ್ನು ಐದು ಸೆಕೆಂಡಿಗೇ ದಾಟಿಸಬಹುದೆಂಬುದನ್ನು ನೆನೆದರೆ, ಎಲ್ಲರೂ ನೋಡುವ ಮೊದಲ ಐದು ಸೆಕೆಂಡನ್ನು ಆಮಿಷಕ್ಕೂ, ಬಹುಮಂದಿ ತಲುಪದ ಕೊನೆಯ ಐದನ್ನು ಎಚ್ಚರಿಕೆಗೂ ಕೊಟ್ಟ ವಿಭಜನೆ ವಿಚಿತ್ರವಾಗಿ ಕಾಣದೆ? ಎಚ್ಚರಿಕೆಯನ್ನೇ ಮೊದಲಿಟ್ಟರೂ ಫಲವಿಲ್ಲ. ಯಾವುದರ ಬಗೆಗೆಂದು ತಿಳಿಯುವ ಮುನ್ನವೇ ಅದು ಮುಗಿದಿರುತ್ತದೆ. ಸಾಲದ ಮೊತ್ತವನ್ನು ಹೇಳಿದ ಉಸಿರಿನಲ್ಲಿಯೇ, ಅದೇ ಧ್ವನಿಯಲ್ಲಿ, 'ಕೈಗೆ 9,410, ಕಟ್ಟುವುದು 11,200' ಎನ್ನುವುದೇ ಸರಿಯೆಂಬುದು ನನ್ನ ಮತ.

ಇಲ್ಲಿಯೇ ನನಗೆ ಬಗೆಹರಿಯದ ತೊಡಕು: ದರವು ಆಳಿಂದಾಳಿಗೆ ಬದಲಾಗುವಾಗ ಯಾರ ಲೆಕ್ಕವನ್ನು ಹೇಳಿಸಬೇಕು? ಬ್ರಿಟನ್ನಿನ ನಿಯಮದಂತೆ ಮಾದರಿ ದರವೆಂದು ಸಾರಿದ್ದು ಕನಿಷ್ಠ ಶೇ. 51 ಮಂದಿಗಾದರೂ ದೊರೆಯಬೇಕಷ್ಟೆ. ಉಳಿದ 49 ಮಂದಿ ಹೆಚ್ಚು ತೆತ್ತರೂ ಜಾಹೀರಾತು ನಿರ್ದೋಷಿಯೇ. ಅತಿ ದುಬಾರಿ ದರವನ್ನೇ ಹೇಳಿಸೋಣವೆಂದರೆ, ಅದು ಯಾರಿಗೂ ಅನ್ವಯಿಸದ ಸಂಖ್ಯೆಯಾಗಿಬಿಡಬಹುದು. ಮಧ್ಯಾಹ್ನದ ಗೋಷ್ಠಿಯವರು ಇದನ್ನು ಕೈಗೆತ್ತಿಕೊಳ್ಳಲೆಂದು ಕೋರಿ, ನನ್ನ ಮಾತನ್ನು ಮುಗಿಸುತ್ತೇನೆ.